ಉಪ್ಪಿನ ಚೀಟಿ

ಪೊನ್ನಂಬಲಂ ಅವರಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಭಾಷಾಶಾಸ್ತ್ರ ವಿಭಾಗದ ಚೀಟಿಕೋಣೆಯಲ್ಲಿ ಅವರಿಗೆಂದೇ ಒಂದು ಬೆತ್ತದ ಕುರ್ಚಿ ಇತ್ತು. ಇಪ್ಪತ್ತು ವರ್ಷವಾದರೂ ಅದರ ಬೆತ್ತ ಎಲ್ಲೂ ಸಡಿಲವಾಗಿರಲಿಲ್ಲ. ಕೂತಿದ್ದರೆ ತಾನೇ ಸಡಿಲವಾಗುವುದು? ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಅವರು ಮರದ ಖಾನೆಗಳ ಸಾಲುಗಳ ನಡುವೆ ಓಡಾಡುತ್ತಿದ್ದರು. ಒಂದು ಖಾನೆ ಎಳೆಯುವುದು, ಎರಡು ಚೀಟಿ ತೆಗೆಯುವುದು, ನಿಂತೇ ಓದುವುದು, ಬೆರಳಿಗೆ ಸಿಕ್ಕಿಸಿಕೊಂಡ ರಬ್ಬರ್ ಬ್ಯಾಂಡನ್ನು ಟಪ್ಪೆಂದು ಎಳೆದು ಬಿಡುವುದು. ಆ ಸದ್ದು ಕೇಳಿದರೆ ಸಾರ್ ಯಾವ ಸಾಲಿನಲ್ಲಿದ್ದಾರೆಂದು ವಿದ್ಯಾರ್ಥಿಗಳಿಗೆ ಗೊತ್ತಾಗುತ್ತಿತ್ತು.

ಕಾವೇರಿ ಹತ್ತಾರು ಕವಲಾಗಿ ಕಡಲು ಸೇರುವ ಆ ತಮಿಳು ಸೀಮೆಯ ಊರಿನಲ್ಲಿ ಅವರ ಕೆಲಸ ಏನೆಂದು ಕೇಳಿದರೆ ಪಕ್ಕದ ಮನೆಯವರಿಗೂ ಹೇಳಲು ಬರುತ್ತಿರಲಿಲ್ಲ. ಕೆಲಸ ಇಷ್ಟೇ. ತಮಿಳು, ಕನ್ನಡ, ತೆಲುಗು, ತುಳು, ಗೋಂಡಿ, ಪರ್ಜಿ, ಕುಯಿ, ಹೀಗೆ ಒಂದೇ ಬಳ್ಳಿಯ ಭಾಷೆಗಳ ಮಾತುಗಳನ್ನು ಚೀಟಿಗೊಂದರಂತೆ ಬರೆದು ಎದುರು ಬದುರು ಇಡುವುದು. ಕನ್ನಡದಲ್ಲಿ ಹಾಲು, ಹಲ್ಲು, ಹುಲಿ ಎಂದಿರುವ ಕಡೆಯೆಲ್ಲ ತಮಿಳಿನಲ್ಲಿ ಪಾಲ್, ಪಲ್, ಪುಲಿ ಎಂದಿದ್ದರೆ ಅದು ಆಕಸ್ಮಿಕವಲ್ಲ, ಕಟ್ಟಳೆ. ಆ ಕಟ್ಟಳೆ ಹಿಡಿದು ಹಿಂದಕ್ಕೆ ನಡೆದರೆ, ಈ ಭಾಷೆಗಳೆಲ್ಲ ಇನ್ನೂ ಒಂದೇ ಮನೆಯಲ್ಲಿದ್ದಾಗ ಆಡುತ್ತಿದ್ದ ಮಾತು ಹೇಗಿತ್ತೆಂದು ಊಹಿಸಬಹುದು. ಹಾಗೆ ಕಟ್ಟಿದ ರೂಪವನ್ನು ಯಾರೂ ಕಿವಿಯಾರೆ ಕೇಳಿದವರಿಲ್ಲ, ಯಾವ ಶಾಸನದಲ್ಲೂ ಇಲ್ಲ. ಅದಕ್ಕೇ ಅದರ ಹಿಂದೆ ಒಂದು ಚುಕ್ಕಿ ಇಡುತ್ತಾರೆ: ಇದು ಕೇಳಿದ್ದಲ್ಲ, ಕಟ್ಟಿದ್ದು, ಎಂದು.

ಚುಕ್ಕಿಯ ವಿಷಯದಲ್ಲಿ ಪೊನ್ನಂಬಲಂ ಮಹಾ ಜಿಪುಣ. ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಕಟ್ಟಿದ ರೂಪದ ಚೀಟಿಯನ್ನು ಕಿಟಕಿಯ ಬಳಿಯ ತಟ್ಟೆಯಲ್ಲಿ ಏಳು ದಿನ ಇಡಬೇಕು. ಯಾರಿಗೆ ತಕರಾರಿದೆಯೋ ಅವರು ಹೆಸರು ಬರೆದು ಒಂದು ತುಂಡು ಕಾಗದ ಸಿಕ್ಕಿಸಬೇಕು. ಏಳು ದಿನ ಯಾರೂ ಬಾಯಿ ಬಿಡದಿದ್ದರೆ ಎಂಟನೆಯ ದಿನ ಕೆಂಪು ಶಾಯಿಯ ಚುಕ್ಕಿ. ಪದ್ಧತಿ ವಿಭಾಗದ ಹಿಂದಿನ ಮುಖ್ಯಸ್ಥ ಪ್ರೊಫೆಸರ್ ವೈದ್ಯಲಿಂಗಂ ಅವರದು. ಕೆಂಪು ಶಾಯಿಯ ಪೆನ್ನು ಪೊನ್ನಂಬಲಂ ಜೇಬಿನಲ್ಲಿ. ಇನ್ನೊಂದು ಕಟ್ಟುನಿಟ್ಟು ಪೊನ್ನಂಬಲಂ ಅವರದೇ. ಪ್ರತಿ ಚೀಟಿಯ ಕೆಳಗೆ ಬಲಮೂಲೆಯಲ್ಲಿ ಆ ಮಾತನ್ನು ಯಾರ ಬಾಯಲ್ಲಿ, ಎಲ್ಲಿ ಕೇಳಿದ್ದು ಎಂದು ಬರೆದಿರಬೇಕು. ಒಲೆಯ ಮುಂದೆ, ಬಾವಿಯ ಹತ್ತಿರ, ನಾಟಿಯ ಗದ್ದೆಯಲ್ಲಿ. ಬರೆಯದ ಚೀಟಿಯನ್ನು ಅವರು ಮುಖಕ್ಕೆ ಎಸೆದದ್ದೂ ಉಂಟು.

ಹಾಗಾಗಿ ಆ ಸೋಮವಾರ ಮಂಗೈ ಒಂದು ಹಳೆಯ ಚೀಟಿ ಹಿಡಿದುಕೊಂಡು ಬಂದಾಗ ಅವಳ ಮುಖದಲ್ಲಿ ತುಂಟತನವೇನೂ ಇರಲಿಲ್ಲ, ನಿಜವಾದ ಗೊಂದಲವಿತ್ತು. ಮಂಗೈಯರ್ಕರಸಿ ಎರಡನೆಯ ವರ್ಷದ ಸಂಶೋಧಕಿ. ಮುದ್ರಣಕ್ಕೆ ಹೋಗಬೇಕಾದ ನಿಘಂಟಿನ ಕರಡು ತಿದ್ದುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ಸಾರ್, ಈ ಚೀಟೀಲಿ ಮೂಲೆ ಖಾಲಿ ಇದೆ."

"ಯಾವನದು? ತಗೊಂಡ್ಹೋಗಿ ಅವನ ತಲೆ ಮೇಲೆ ಇಡು."

"ನಿಮ್ಮದೇ ಸಾರ್. ಅರವತ್ತೆರಡನೇ ಇಸವೀದು. ಉಪ್ಪು."

ರಬ್ಬರ್ ಬ್ಯಾಂಡು ಟಪ್ಪೆನ್ನಲಿಲ್ಲ. ಪೊನ್ನಂಬಲಂ ಚೀಟಿಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಹತ್ತೊಂಬತ್ತು ವರ್ಷ ಆ ಮೂಲೆ ಖಾಲಿ ಇತ್ತು, ಅವರಿಗೆ ಗೊತ್ತಿತ್ತು.

"ಹಳೇ ಚೀಟಿ. ಆಗೆಲ್ಲ ಅಷ್ಟು ಶಿಸ್ತು ಇರ್ಲಿಲ್ಲ."

"ಅದರ ಹಿಂದು ಮುಂದಿನ ನಲವತ್ತು ಚೀಟೀಲೂ ಬರ್ದಿದೀರಲ್ಲ ಸಾರ್. 'ಇಲಿ, ಕಣಜದ ಹತ್ತಿರ' ಅಂತ ಸಹ ಇದೆ."

"ನಿಂಗೆ ಒಪ್ಪಿಸಿದ್ದು ಕರಡು ತಿದ್ದೋಕೆ. ನನ್ನ ತಿದ್ದೋಕಲ್ಲ," ಎಂದು ಅವರು ಹೊರಗೆ ಹೋಗಿಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಮೆಟ್ಟಿಲಿಳಿಯುವಾಗ ಅವರಿಗೇ ಅನ್ನಿಸಿತು.

ಆ ಚೀಟಿ ಬರಿಯ ಚೀಟಿಯಾಗಿರಲಿಲ್ಲ. ಉಪ್ಪಿಗೆ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಉಪ್ಪು ಎಂದೇ. ಆದರೆ ಮಧ್ಯಪ್ರದೇಶದ ಕಾಡುಸೀಮೆ ಬಸ್ತರದ ಪರ್ಜಿಯಲ್ಲಿ ಚುಪ್. ಗದಬ ಬುಡಕಟ್ಟಿನವರಲ್ಲಿ ಸುಪ್. ಗೋಂಡರಲ್ಲಿ ಒಂದು ಕಡೆ ಸೊವರ್, ಬಸ್ತರದ ಗುಡ್ಡಗಳಲ್ಲಿ ಹೊವರ್. ಇದೊಂದೇ ಮಾತಾಗಿದ್ದರೆ ಬಿಡಬಹುದಿತ್ತು. 'ಕೊಡು' ಎನ್ನಲು ತಮಿಳಿನಲ್ಲೂ ಹಳಗನ್ನಡದಲ್ಲೂ ಈ; ಪರ್ಜಿಯಲ್ಲಿ ಚೀ, ಗೋಂಡಿಯಲ್ಲಿ ಸೀ, ಗುಡ್ಡದಲ್ಲಿ ಹೀ. ನಮ್ಮ 'ಆರು' ಎಂಬ ಎಣಿಕೆ ಗೋಂಡಿಯಲ್ಲಿ ಸಾರುಂಗ್, ಗುಡ್ಡದಲ್ಲಿ ಹಾರುಂಗ್. ಲೆಕ್ಕ ಸ್ಪಷ್ಟ: ಮೊದಲು ಚಕಾರ ಇತ್ತು, ಒಂದು ಕಡೆ ಸವೆದು ಸಕಾರವಾಯಿತು, ಇನ್ನೊಂದು ಕಡೆ ಇನ್ನೂ ಸವೆದು ಹಕಾರವಾಯಿತು, ದಕ್ಷಿಣದಲ್ಲಿ ಉದುರಿಯೇ ಹೋಯಿತು. ಹಳೆಯ ಮನೆಯಲ್ಲಿ ಉಪ್ಪು 'ಚುಪ್' ಆಗಿತ್ತು.

ಇಷ್ಟಕ್ಕೆ ನಿಂತಿದ್ದರೆ ಸುಖವಿತ್ತು. ಅರವತ್ತೆರಡರಲ್ಲಿ ಮೂವತ್ತೆರಡು ವಯಸ್ಸಿನ ಪೊನ್ನಂಬಲಂ ಬಸ್ತರಕ್ಕೆ ಹೋಗಿ, ಬಸ್ಸು ಬಿಟ್ಟಲ್ಲಿಂದ ಎರಡು ದಿನ ನಡೆದು, ಕೋಡೆಮೆಟ್ಟ ಎಂಬ ಗುಡ್ಡದ ಹಳ್ಳಿಯಿಂದ ಒಂದು ರೂಪ ಹೊತ್ತು ತಂದರು: ಉಪ್ಪು. ಅದು ಹಕಾರ ಗಟ್ಟಿಯಾಗಿ ನಿಂತಿರುವ ಊರು. ಕೊಡು ಎನ್ನಲು ಹೀ, ಸಾಯಲು ಹಾ. ಅಲ್ಲಿ ಹಕಾರ ಉದುರುವ ಕಟ್ಟಳೆಯೇ ಇಲ್ಲ. ಹಾಗಾದರೆ ಈ ಉಪ್ಪು ಚುಪ್‌ನಿಂದ ಸವೆದು ಬಂದದ್ದಲ್ಲ. ಮೊದಲಿನಿಂದಲೇ ಚಕಾರವಿಲ್ಲದ ಇನ್ನೊಂದು ಮಾತು ಹಳೆಯ ಮನೆಯಲ್ಲಿ ಇದ್ದಿರಬೇಕು. ಪ್ರೊಫೆಸರ್ ವೈದ್ಯಲಿಂಗಂ ಆ ಒಂದು ಚೀಟಿಯ ಮೇಲೆ 'ಎರಡು ಉಪ್ಪಿನ ವಾದ' ಕಟ್ಟಿ ದೇಶವಿಡೀ ಹೆಸರಾದರು. ನಿಘಂಟಿನ ಕರಡಿನಲ್ಲಿ ಚುಪ್‌ನ ಪಕ್ಕದಲ್ಲಿ 'ಉಪ್' ಕೆಂಪು ಚುಕ್ಕಿಯೊಡನೆ ಕೂತಿತು. ಕೆಳಗೆ ಅಡಿಟಿಪ್ಪಣಿ: ಸಂಗ್ರಹ, ಸಿ. ಪೊನ್ನಂಬಲಂ. ಒಂಬೈನೂರು ಪುಟದ ಪುಸ್ತಕದಲ್ಲಿ ಅವರ ಹೆಸರು ಬರುವುದು ಅದೊಂದೇ ಕಡೆ. ಮುಂದಿನ ಸೋಮವಾರ ಪುಟಗಳು ಅಚ್ಚಿನ ಮನೆಗೆ ಹೋಗಬೇಕು.

ಮಧ್ಯಾಹ್ನ ಮನೆಗೆ ಊಟಕ್ಕೆ ಬಂದವರು ಎಲೆಯ ಮುಂದೆ ಕೂತರು, ಎದ್ದರು, ಕಿಟಕಿ ತೆರೆದರು, ಮುಚ್ಚಿದರು. ಹೆಂಡತಿ ಕುಂಜಮ್ಮಾಳ್ ಎಲೆಯ ತುದಿಗೆ ಉಪ್ಪು ಬಡಿಸಿದವಳು ಸೌಟು ಹಿಡಿದು ನಿಂತಳು.

"ಏನೂಂದ್ರೆ, ಇವತ್ತು ಯಾವ ಅಕ್ಷರ ಕಳ್ದೋಗಿದೆ?"

"ಸುಮ್ನೆ ಬಡಿಸು."

"ಬಡಿಸ್ತೀನಿ, ಕೂತ್ರೆ. ನಿಂತೋರಿಗೆ ಬಡಿಸೋಕೆ ನಾನೇನು ಛತ್ರದ ಅಡುಗೆಯವಳಾ?"

ಅವರು ಕೂತು, ಉಪ್ಪನ್ನು ಬೆರಳಿನಿಂದ ಎಲೆಯ ಆಚೆಗೆ ತಳ್ಳಿದರು. ಹತ್ತೊಂಬತ್ತು ವರ್ಷದಿಂದ ಹೀಗೆ ತಳ್ಳುವುದನ್ನು ನೋಡಿ ನೋಡಿ ಅವಳಿಗೆ ಅಭ್ಯಾಸವಾಗಿಹೋಗಿತ್ತು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಸುಮ್ಮನಿದ್ದಳು.

ಮಂಗಳವಾರ ಮಂಗೈ ಮತ್ತೆ ಬಂದಳು. ಬೈಸಿಕೊಂಡ ಮೇಲೂ ಬರುವ ಹುಡುಗಿಯರು ಕಡಿಮೆ. ಇವಳು ಆ ಜಾತಿ. ಕೈಯಲ್ಲಿ ಚೀಟಿಗಳ ಕಟ್ಟು.

"ಸಾರ್, ಬೈಯೋದಿದ್ರೆ ಕೊನೇಲಿ ಬೈರಿ. ಕೋಡೆಮೆಟ್ಟದ ನಿಮ್ಮ ಚೀಟಿಗಳನ್ನೆಲ್ಲ ಜೋಡಿಸ್ದೆ. ಗುಡ್ಡದ ಗೋಂಡಿ ಉಪ್ಪಿಗೆ ಹೊವರ್ ಅನ್ನುತ್ತೆ. ನಡುವೆ ಇದ್ದ ಪಕಾರ ಮೆತ್ತಗಾಗಿ ವಕಾರ ಆಗಿದೆ, ಕೊನೇಲಿ ಬಾಲ ಸೇರಿದೆ. ನಿಮ್ಮ ಉಪ್ಪಲ್ಲಿ ಹಕಾರ ಒಂದೇ ಇಲ್ದಿದ್ರೆ ಸರಿ, ಎರಡನೇ ಮಾತು ಅನ್ನಬಹುದಿತ್ತು. ಆದ್ರೆ ನಡುವಿನ ದ್ವಿತ್ವ, ಕೊನೇ ಉಕಾರ, ಎಲ್ಲಾ ತೆಲುಗಿನ ಹಾಗೇ ಇದೆ. ಒಂದು ಗೆರೇನೂ ಆ ಊರಿಂದಲ್ಲ."

"ಅಂದ್ರೆ?"

"ಸಂತೆಯಿಂದ ಬಂದ ಮಾತಿರಬಹುದಾ ಅಂತ. ಮಾಲಿನ ಜೊತೆ ಹೆಸರೂ ಬರುತ್ತಲ್ಲ ಸಾರ್."

"ಚಕಾರ ಉದುರೋದಕ್ಕೆ ಮಾತ್ರ ಕಟ್ಟಳೆ ಇದೆಯಾ? ಸಾಯೋದು ನಮ್ಮಲ್ಲೂ ಸಾಯೋದೇ, ಆ ಮಾತಲ್ಲಿ ಯಾಕೆ ಉದುರ್ಲಿಲ್ಲ?"

"ಅದು ನಂಗೊತ್ತಿಲ್ಲ. ಯಾರಿಗೂ ಪೂರ್ತಿ ಗೊತ್ತಿಲ್ಲ ಅಂತ ನೀವೇ ಪಾಠ ಮಾಡಿದ್ರಿ. ಆದ್ರೆ ಇದ್ದದ್ದು ಉದುರಿತು ಅನ್ನೋದು ಬೇರೆ, ಇಲ್ಲದ್ದು ಬಂತು ಅನ್ನೋದು ಬೇರೆ. ಸುಮ್ನೆ ಮುಂದೆ ಒಂದು ಅಕ್ಷರ ಬಂದು ಕೂರೋ ಹಾಗಿದ್ರೆ ಇಲಿಗೂ ಬರಬೇಕಿತ್ತು. ಕಣಜದ ಹತ್ತಿರ ಕೇಳಿದ ಚೀಟೀಲಿ ಇಲಿಗೆ ಗೋಂಡಿ ಮಾತು 'ಎಲ್ಲಿ' ಅಂತಲೇ ಇದೆ. ತಮಿಳಲ್ಲಿ ಎಲಿ, ತೆಲುಗಲ್ಲಿ ಎಲುಕ. ಮೂರರಲ್ಲೂ ಮುಂದೆ ಏನೂ ಇಲ್ಲ."

ಪೊನ್ನಂಬಲಂ ಅವಳನ್ನು ನೋಡಿದರು. ಇಷ್ಟನ್ನೂ ಅವರೇ ಕಲಿಸಿದ್ದರು. ಅವರು ಕಲಿಸಿದ ಪಾಠ ತಿರುಗಿ ಬಂದು ಅವರ ಅಂಗಿಯ ಚುಂಗು ಹಿಡಿದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಹೆದರಿಕೆಯಾಯಿತು.

"ತಟ್ಟೆಗೆ ತಕರಾರು ಹಾಕಿದೀಯಾ?"

"ಇಲ್ಲ ಸಾರ್. ಎಲ್ಲಿ ಕೇಳಿದ್ದು ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು. ಒಲೆ ಮುಂದೆ ಕೇಳಿದ್ದು ಅಂದ್ರೆ ನಾನು ಬಾಯ್ಮುಚ್ಚಿಕೊಂಡು ಹೋಗ್ತೀನಿ."

ಆ ಹುಡುಗಿ ಅವರ ಮಾತನ್ನು ಪ್ರಮಾಣವೆಂದು ನಂಬುತ್ತಾಳೆ. ಅದೇ ದೊಡ್ಡ ಹಿಂಸೆಯಾಯಿತು. ಒಂದು ಸುಳ್ಳು ಸಾಕಿತ್ತು, ಎರಡು ಮಾತಿನದು. ನಾಲಿಗೆಯ ತುದಿಗೂ ಬಂತು.

"ಹೇಳ್ತೀನಿ. ಇವತ್ತಲ್ಲ," ಎಂದರು.

ಬುಧವಾರ ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಮಂಚದ ಕೆಳಗಿನ ಟ್ರಂಕು ಎಳೆದರು. ಕುಂಜಮ್ಮಾಳ್ ಬಾಗಿಲಿಗೆ ಒರಗಿ ನೋಡಿದಳು. ಎಣ್ಣೆಬಟ್ಟೆಯಲ್ಲಿ ಸುತ್ತಿದ ಹಳೆಯ ಟಿಪ್ಪಣಿ ಪುಸ್ತಕ ತಳದಲ್ಲಿತ್ತು. ಪುಟ ಹುಡುಕುವ ಅಗತ್ಯವೇ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನ ಬರಹ ಮಾಸಿತ್ತು, ಅಳಿದಿರಲಿಲ್ಲ.

ಅವತ್ತು ಕೋಡೆಮೆಟ್ಟದ ಸಂತೆ. ಗೋದಾವರಿಯ ಕಡೆಯ ತೆಲುಗು ವ್ಯಾಪಾರಿಯೊಬ್ಬ ಎತ್ತಿನ ಮೇಲೆ ಉಪ್ಪಿನ ಚೀಲ ಹೇರಿಕೊಂಡು ಬಂದು ಹುಣಸೆ ಮರದ ಕೆಳಗೆ ಕೂತಿದ್ದ. ಒಬ್ಬ ಮುದುಕಿ ಹಿಪ್ಪೆ ಹೂವು ಕೊಟ್ಟು ಎಲೆಯ ದೊನ್ನೆಯಲ್ಲಿ ಉಪ್ಪು ಅಳೆಸಿಕೊಳ್ಳುತ್ತಿದ್ದಳು. ಪೊನ್ನಂಬಲಂ ಅರೆಬರೆ ಗೋಂಡಿಯಲ್ಲಿ, ಇದಕ್ಕೆ ಏನನ್ನುತ್ತೀ ಅಜ್ಜಿ ಎಂದು ಬೆರಳು ತೋರಿಸಿದರು. ಅವಳು ವ್ಯಾಪಾರಿಯ ಮುಖ ನೋಡುತ್ತಲೇ ಉಪ್ಪು ಎಂದಳು. ಇವರು ಕುಣಿದಾಡಿದರು. ಪುಸ್ತಕದ ಪುಟದ ನಡುವೆ ದಪ್ಪಕ್ಷರದಲ್ಲಿ ಆ ಮಾತು, ಅಡಿಗೆ ಎರಡು ಗೆರೆ.

ಆ ಸಂಜೆ ಅದೇ ಮುದುಕಿ, ಈ ಹುಚ್ಚು ಪರದೇಶಿಗೆ ಊಟ ಹಾಕುವವರಿಲ್ಲವೆಂದು, ಮನೆಗೆ ಕರೆದಳು. ಗಂಜಿ ಬಡಿಸಿ, ಬಾಯಿಗಿಟ್ಟವರ ಮುಖ ನೋಡಿ, ಒಲೆಯ ಹತ್ತಿರ ಇದ್ದ ಸೊಸೆಗೆ ಹೇಳಿದಳು: "ಹೊವರ್ ಹೀಮ್." ಉಪ್ಪು ಕೊಡು. ಸೊಸೆ ಕೊಟ್ಟಳು. ಮುದುಕಿ ತನ್ನ ಕೈಯಿಂದಲೇ ಗಂಜಿಗೆ ಹಾಕಿ ಕಲಕಿದಳು. ಅವರು ಎಡಗೈಯಲ್ಲಿ ಅಂಚಿಗೆ ಗೀಚಿಕೊಂಡರು: 'ಹೊವರ್? ಸೊಸೆ ಬೇರೆ ಊರಿನವಳು. ಅವಳಿಂದ ಕಲಿತದ್ದೋ?'

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಇರುತ್ತಾರೆ. ಪೊನ್ನಂಬಲಂ ಅಂಥವರಲ್ಲ, ಆ ನೆಪ ಜೊಳ್ಳು ಎಂದು ಬರೆಯುವಾಗಲೇ ಅವರಿಗೆ ಗೊತ್ತಿತ್ತು. ಮನೆಯಲ್ಲಿ ಆಡುವ ಮಾತನ್ನು ಅರವತ್ತು ದಾಟಿದ ಅತ್ತೆ ಸೊಸೆಯಿಂದ ಕಲಿಯುತ್ತಾಳೆಯೇ? ಊರಿಗೆ ಹಿಂತಿರುಗಿ ಚೀಟಿ ಬರೆಯುವಾಗ ಪುಟದ ನಡುವಿನ ಮಾತು ಚೀಟಿಗೆ ಬಂತು, ಅಂಚಿನ ಮಾತು ಬರಲಿಲ್ಲ. ಮೂಲೆಯಲ್ಲಿ 'ಸಂತೆಯಲ್ಲಿ' ಎಂದು ಬರೆದರೆ ಗುಟ್ಟು ರಟ್ಟು. 'ಒಲೆಯ ಮುಂದೆ' ಎಂದು ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟರು. ಆ ವರ್ಷವೇ ಕೆಲಸ ಖಾಯಂ ಆಯಿತು.

ಗುರುವಾರ ಬೆಳಿಗ್ಗೆ ಪೊನ್ನಂಬಲಂ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಪ್ರೊಫೆಸರರ ಬೀದಿಯಲ್ಲಿ ಮೂರು ಸಲ ಹೋಗಿ ಬಂದರು. ನಾಲ್ಕನೆಯ ಸಲ ಒಳಗಿನಿಂದಲೇ ಧ್ವನಿ ಬಂತು.

"ಯಾರಪ್ಪಾ ಅದು, ಚಪ್ಪಲಿ ಸವೆಸ್ತಿರೋದು? ಪೊನ್ನಂಬಲಮ್ಮಾ? ನಿನ್ನ ನಡಿಗೆ ನಂಗೊತ್ತು. ಒಳಗ್ಬಾ."

ವೈದ್ಯಲಿಂಗಂ ಅವರಿಗೆ ಎಂಬತ್ತು ಸಮೀಪಿಸಿತ್ತು. ಕಣ್ಣು ಹೆಚ್ಚು ಕಡಿಮೆ ಹೋಗಿತ್ತು. ಜಗಲಿಯ ಒರಗುಕುರ್ಚಿಯಲ್ಲಿ ಕಾಫಿಯ ಲೋಟ ಹಿಡಿದು ಕೂತಿದ್ದರು. ಪೊನ್ನಂಬಲಂ ಕಂಬ ಹಿಡಿದು ನಿಂತೇ ಎಲ್ಲವನ್ನೂ ಹೇಳಿದರು. ಸಂತೆ, ಮುದುಕಿ, ಗಂಜಿ, ಅಂಚು. ಹೇಳುತ್ತಾ ಜಗಲಿಯ ಉದ್ದಕ್ಕೂ ಓಡಾಡಿದರು.

ಮುದುಕರು ಕಾಫಿಯ ಲೋಟವನ್ನು ತಡವಿ ಪಕ್ಕಕ್ಕಿಟ್ಟರು.

"ನಿಲ್ಲು ಒಂದು ಕಡೆ. ನೀನು ಬಸ್ತರದಿಂದ ಬಂದ ದಿನ ನಾನೊಂದು ಕೇಳಿದ್ದೆ. ನೆನಪಿದೆಯಾ?"

"ಇದೆ ಅಯ್ಯಾ."

"ಏನು ಕೇಳಿದ್ದೆ?"

"ಆ ಊರಲ್ಲಿ ಬೇರೆ ರೂಪ ಏನಾದ್ರೂ ಕಿವಿಗೆ ಬಿತ್ತಾ ಅಂತ."

"ನೀನೇನಂದೆ?"

"ಇಲ್ಲ ಅಂದೆ."

"ಯಾಕಪ್ಪಾ? ನಾನು ನುಂಗಿಬಿಡ್ತಿದ್ನಾ?"

"ನೀವು ಅಷ್ಟು ಖುಷಿಯಾಗಿದ್ರಿ. ನನ್ನ ಹೆಗಲು ಹಿಡ್ಕೊಂಡಿದ್ರಿ. ಅಪ್ಪನೂ ಹಾಗೆ ಹಿಡಿದಿರ್ಲಿಲ್ಲ. ನಿಮ್ಮ ಮನೆ ಉಪ್ಪು ತಿಂದವನು ಅಯ್ಯಾ ನಾನು. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರೆ."

"ಉಪ್ಪಿಟ್ಟವಳು ಆ ಅಜ್ಜಿ," ಎಂದರು ಮುದುಕರು. ಧ್ವನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ನಾನು ಬರೀ ಕೆಲಸ ಕೊಟ್ಟೆ. ನೀನು ತಂದ ಒಂದೇ ಒಂದು ಮಾತಿನ ಮೇಲೆ ನಾನು ಹತ್ತೊಂಬತ್ತು ವರ್ಷ ಊರೂರು ತಿರುಗಿ ಜಗಳ ಆಡಿದೀನಿ. ಸಾಲ ತಂದ ಮಾತು ಅಂದೋರನ್ನ ತುಂಬಿದ ಸಭೇಲಿ ನಗೆಪಾಟಲು ಮಾಡಿದೀನಿ. ಅದರಲ್ಲಿ ಇಬ್ಬರು ಈಗಿಲ್ಲ. ಅವರ ಹತ್ರ ಹೋಗಿ ಏನು ಹೇಳ್ಲಿ?"

ಪೊನ್ನಂಬಲಂ ಅವರಿಗೆ ಅಳು ಬಂತು, ಅತ್ತರು. ಮುದುಕರಿಗೆ ಕಾಣಿಸಲಿಲ್ಲ, ಕೇಳಿಸಿತು.

"ಸೋಮವಾರ ಅಚ್ಚಿಗೆ ಹೋಗುತ್ತಲ್ಲ?"

"ಹೌದು."

"ಹಾಗಿದ್ರೆ ಇಲ್ಲಿ ಯಾಕೆ ನಿಂತಿದೀಯ? ತಟ್ಟೆಗೆ ತಕರಾರು ಹಾಕು. ಪದ್ಧತಿ ಪ್ರಕಾರ, ಹೆಸರು ಬರೆದು. ಆ ಹುಡುಗಿ ಹೆಸರಲ್ಲ, ನಿನ್ನ ಹೆಸರು." ಬಾಗಿಲು ದಾಟುವಾಗ ಮತ್ತೆ ಕೂಗಿದರು: "ನನ್ನ ಹತ್ರ ಮಾತ್ರ ಸ್ವಲ್ಪ ದಿನ ಬರಬೇಡ."

ತಕರಾರಿನ ಕಾಗದ ನಾಲ್ಕು ಸಾಲಿನದಾಯಿತು. ಕೋಡೆಮೆಟ್ಟದ 'ಉಪ್ಪು' ತೆಲುಗಿನಿಂದ ಸಂತೆಯ ಮೂಲಕ ಬಂದದ್ದು. ಅದೇ ಊರಿನ, ಅದೇ ಬಾಯಿಯ ಮನೆಮಾತು 'ಹೊವರ್'. ಅದು ಹೀ, ಹಾ, ಹಾರುಂಗ್‌ಗಳ ಕಟ್ಟಳೆಯಲ್ಲೇ ನಡೆಯುತ್ತದೆ. ಆದ್ದರಿಂದ 'ಉಪ್' ಎಂಬ ಎರಡನೆಯ ಮೂಲರೂಪಕ್ಕೆ ಆಧಾರವಿಲ್ಲ, 'ಚುಪ್' ಒಂದೇ ಸಾಕು. ಶುಕ್ರವಾರ ವಿಭಾಗದವರೆಲ್ಲ ತಟ್ಟೆಯ ಸುತ್ತ ನಿಂತು ಓದಿದರು. ಕೆಲವರು ಅವರ ಮುಖ ನೋಡಿದರು, ಕೆಲವರು ನೋಡಲಿಲ್ಲ. ಪೊನ್ನಂಬಲಂ ತಮ್ಮದೇ ಪೆನ್ನಿನಿಂದ 'ಉಪ್' ಹಿಂದಿನ ಕೆಂಪು ಚುಕ್ಕಿಯನ್ನು ಹೊಡೆದುಹಾಕಿದರು. ಪುಟ ಮತ್ತೆ ಜೋಡಿಸಬೇಕಾಯಿತು. ಅಡಿಟಿಪ್ಪಣಿ ಹೋಯಿತು, ಅದರ ಜೊತೆ ಹೆಸರೂ.

ಶನಿವಾರ ಮಂಗೈ ಹೊಸ ಚೀಟಿಗಾಗಿ ಬಂದಳು. ಅವರು ಬರೆಯುತ್ತಿದ್ದರು, ಅದೂ ಕುರ್ಚಿಯಲ್ಲಿ ಕೂತು. ಹೊವರ್. ಉಪ್ಪು. ಕೋಡೆಮೆಟ್ಟ, ೧೯೬೨. ಬಲಮೂಲೆಗೆ ಬಂದರು. 'ಒಲೆಯ ಮುಂದೆ' ಎಂದು ಬರೆದರು. ಹತ್ತೊಂಬತ್ತು ವರ್ಷದ ಭಾರ ಆ ಎರಡು ಪದದಲ್ಲಿ ಇಳಿದ ಹಾಗಾಯಿತು. ಅದರ ಪಕ್ಕದಲ್ಲೇ ಆಡಿದವರ ಹೆಸರು ಬರೆಯಬೇಕು. ಪೆನ್ನು ನಿಂತಿತು.

ಟಿಪ್ಪಣಿ ಪುಸ್ತಕ ತಿರುವಿದರು. ಹಿಂದಿನ ಪುಟ, ಮುಂದಿನ ಪುಟ, ಅಂಚು, ರಟ್ಟಿನ ಒಳಮೈ. ಅವಳ ಬಾಯಿಂದ ಬಿದ್ದ ನಲವತ್ತು ಮಾತುಗಳಿದ್ದವು, ಒಂದೊಂದರ ಸ್ವರದ ಉದ್ದವೂ ಸರಿಯಾಗಿ ಗುರುತಾಗಿತ್ತು. ಎಲ್ಲ ಕಡೆ 'ಮುದುಕಿ' ಎಂದಷ್ಟೇ ಇತ್ತು, ಆಗಿನ ಚೀಟಿಗಳಿಗೂ ಅಷ್ಟೇ ಬರೆದಿದ್ದರು. ಗಂಜಿ ಹಾಕಿದವಳ ಹೆಸರನ್ನು ಅವರು ಕೇಳಿಯೇ ಇರಲಿಲ್ಲ.

"ಹೇಗಾದ್ರೂ ಪತ್ತೆ ಮಾಡೋಕಾಗಲ್ವಾ ಸಾರ್?" ಎಂದಳು ಮಂಗೈ.

"ಎರಡು ಸಾವಿರ ವರ್ಷದ ಹಿಂದೆ ಉದುರಿದ ಅಕ್ಷರಾನ ತರಬಹುದಮ್ಮಾ. ಅದಕ್ಕೆ ಕಟ್ಟಳೆ ಇದೆ. ಇದಕ್ಕಿಲ್ಲ," ಎಂದರು. "ಇದು ಖಾಲಿ ಇರ್ಲಿ. ಯಾರಾದ್ರೂ ಕೇಳಿದ್ರೆ ನಾನು ಕೇಳ್ಕೊಳ್ಳಲಿಲ್ಲ ಅಂತ ಹೇಳು."

ಮಧ್ಯಾಹ್ನ ಮನೆಯಲ್ಲಿ ಕುಂಜಮ್ಮಾಳ್ ಎಲೆಯ ತುದಿಗೆ ಉಪ್ಪು ಹಾಕಿದಳು. ಅವರು ಅದನ್ನು ತಳ್ಳಲಿಲ್ಲ. ಒಂದು ಚಿಟಿಕೆ ತೆಗೆದು ಅನ್ನಕ್ಕೆ ಕಲಸಿಕೊಂಡು, ಕುತ್ತಿಗೆ ಬಗ್ಗಿಸಿ ಊಟ ಮಾಡಿದರು.